ಮಗನ ಐಡಿ ಕಾರ್ಡ್ ಫೋಟೋ ಬದಲಾಯಿಸಿದ ಮೂರನೇ ಅರ್ಜಿ

ಸಿಂಧನೂರಿನಲ್ಲಿ ನನ್ನದು ಝೆರಾಕ್ಸ್, ಡಿಟಿಪಿ ಅಂಗಡಿ. ಹನ್ನೆರಡು ವರ್ಷದಿಂದ ಊರಿನವರ ಅರ್ಜಿ ಬರೆದುಕೊಡುತ್ತಿದ್ದೇನೆ. ಅಂಥವನ ಮಗನ ಅರ್ಜಿಯೇ ಎರಡು ಸಲ ವಾಪಸ್ ಬಂತು ಅಂದರೆ ಪಕ್ಕದ ಅಂಗಡಿಯವರು ನಗದೇ ಬಿಡ್ತಾರಾ? "ಕಾರ್ಡ್ ಕೈಗೆ ಬಂದ ಮ್ಯಾಲೆ ಶಾಲೆಯವ್ರು ಬದ್ಲಿ ಮಾಡಂಗಿಲ್ಲ ಬಿಡ್ರಿ" ಅಂದರು. ಮೂರನೇ ಅರ್ಜಿಗೆ ಶಾಲೆಯವರು ಫೋಟೋ ಬದಲಿ ಮಾಡಿಕೊಟ್ಟರು.

ಮಗ ಒಂಬತ್ತನೇ ತರಗತಿ. ಶಾಲೆಗೆ ಬಂದ ಫೋಟೋದವನು ಹಿಂದಿನ ಗೋಡೆ ಕತ್ತರಿಸಿ ನೀಲಿ ಬಣ್ಣ ಹಾಕುವಾಗ ಅರ್ಧ ಕಿವಿಯನ್ನೂ ಕತ್ತರಿಸಿದ್ದ. ಮುಖ ಬೆಳ್ಳಗೆ ಮಾಡುವ ಭರದಲ್ಲಿ ಕೆನ್ನೆಯ ಮಚ್ಚೆ ಒರೆಸಿದ್ದ. ಸಾಲದ್ದಕ್ಕೆ ಎಲ್ಲ ಮಕ್ಕಳೂ ಒಂದೇ ಕಡೆ ವಾಲಿ ಕಾಣಲಿ ಅಂತ ಫೋಟೋವನ್ನೇ ಕನ್ನಡಿಯಂತೆ ತಿರುಗಿಸಿದ್ದನಂತೆ.

ಮೊದಲ ಅರ್ಜಿ ಸಿಟ್ಟಿನಲ್ಲಿ ಬರೆದೆ. ಒಂದೂವರೆ ಪುಟ, ಅದರಲ್ಲಿ 'ಬೇಜವಾಬ್ದಾರಿ' ಅನ್ನೋ ಮಾತೇ ಮೂರು ಸಲ. ಅದನ್ನು ಓದಿದವರು ಯಾಕೆ ಕೆಲಸ ಮಾಡಿಕೊಡ್ತಾರೆ? ಎರಡನೆಯದರಲ್ಲಿ ಮೆತ್ತಗಾಗಿ, 'ಫೋಟೋ ಚೆನ್ನಾಗಿ ಬಂದಿಲ್ಲ' ಅಂತ ಬರೆದೆ. ಕ್ಲರ್ಕ್ ಕಾರ್ಡ್ ನೋಡಿ, "ಚೆಂದ ಬಂದೈತಲ್ರಿ, ನಿಮಗಿಂತ ಬೆಳ್ಳಗ ಕಾಣ್ತಾನ" ಅಂದರು. ಅಲ್ಲಿಗೆ ನನ್ನ ತಪ್ಪು ಗೊತ್ತಾಯಿತು. ಚೆಂದ ಅನ್ನೋದು ಅವರವರ ಕಣ್ಣಿಗೆ ಬಿಟ್ಟಿದ್ದು. ಗುರುತು ಹಾಗಲ್ಲ, ಸಿಗುತ್ತದೆ ಇಲ್ಲಾ ಸಿಗುವುದಿಲ್ಲ.

ನಡುವೆ ಒಂದು ಹುಚ್ಚು ಕೆಲಸವನ್ನೂ ಮಾಡಿದೆ. ಅದೇ ಫೋಟೋವನ್ನು ಮತ್ತೆ ತಿರುಗಿಸಿ, ಹಳೇ ಫೋಟೋದಿಂದ ಕಿವಿ, ಮಚ್ಚೆ ತಂದು ಅಂಟಿಸಿದೆ. ಎರಡು ರಾತ್ರಿ ಹೋದವು. ಮಚ್ಚೆ ಕಾಡಿಗೆ ಬೊಟ್ಟಿನ ಹಾಗೆ ಕಂಡಿತು. ಎಡಿಟ್ ಸರಿಯಿಲ್ಲ ಅಂತ ಕೇಳುವವನು ಇನ್ನೊಂದು ಎಡಿಟ್ ಹಿಡಿದು ಹೋಗೋದೇನು ಅಂತ ಬಿಟ್ಟೆ. ಬಿಳಿ ಗೋಡೆ ಮುಂದೆ ನಿಲ್ಲಿಸಿ ಹೊಸದಾಗಿ ತೆಗೆದೆ. 35 ಬೈ 45 ಮಿಲಿಮೀಟರ್, ಅಂದರೆ 300 ಡಿಪಿಐಗೆ 413 ಬೈ 531 ಪಿಕ್ಸೆಲ್. ಬಣ್ಣ ಮುಟ್ಟಲಿಲ್ಲ. ನಮ್ಮ ಬಿಸಿಲಿಗೆ ಕಣ್ಣಿನ ಕೆಳಗೆ ನೆರಳು ಬೀಳದ ಹಾಗೆ ತೆಗೆಯೋದು ಹೇಗೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಮೂರನೇ ಅರ್ಜಿ ಒಂದೇ ಪುಟ. ವಿಷಯದ ಸಾಲು: 'ಗುರುತಿನ ಚೀಟಿಯ ಫೋಟೋ ವಿದ್ಯಾರ್ಥಿಯ ಗುರುತಿಗೆ ಹೊಂದದಿರುವುದರಿಂದ ಬದಲಾಯಿಸಿಕೊಡುವ ಬಗ್ಗೆ.' ಕೆಳಗೆ ಹೆಸರು, ತರಗತಿ, ವಿಭಾಗ, ದಾಖಲಾತಿ ಸಂಖ್ಯೆ. ಆಮೇಲೆ ಮುಖ್ಯ ಭಾಗ ಹೀಗಿತ್ತು:

'ದಾಖಲಾತಿ ಅರ್ಜಿಯಲ್ಲಿ ಗುರುತಿನ ಚಿಹ್ನೆಯೆಂದು ಬರೆದಿರುವ ಬಲಗೆನ್ನೆಯ ಮಚ್ಚೆ ಫೋಟೋದಲ್ಲಿ ಇಲ್ಲ. ಎಡ ಕಿವಿಯ ಅರ್ಧ ಭಾಗ ಕಾಣುವುದಿಲ್ಲ. ಸಮವಸ್ತ್ರದ ಜೇಬು ಎದೆಯ ಎಡಕ್ಕಿದ್ದು, ಫೋಟೋದಲ್ಲಿ ಎದೆಯ ಬಲಕ್ಕೆ ಬಂದಿದೆ. ಆದ್ದರಿಂದ ಲಗತ್ತಿಸಿದ ಫೋಟೋವನ್ನು ಕಾರ್ಡಿನಲ್ಲಿಯೂ ಶಾಲೆಯ ಕಂಪ್ಯೂಟರಿನಲ್ಲಿಯೂ ಬದಲಾಯಿಸಿ, ಹಳೆಯ ಫೋಟೋ ತೆಗೆದುಹಾಕಬೇಕಾಗಿ ವಿನಂತಿ.'

ಯಾರು ತಪ್ಪು ಮಾಡಿದರು ಅನ್ನೋ ಮಾತೇ ಇಲ್ಲ. ಪಕ್ಕದಲ್ಲಿ ಹಳೇ ಕಾರ್ಡಿನ ಕಲರ್ ಝೆರಾಕ್ಸ್, ಹೊಸ ಫೋಟೋ ಎರಡನ್ನೂ ಅಂಟಿಸಿದೆ. ಹೆಡ್ ಮೇಡಂ ಮಚ್ಚೆ, ಕಿವಿ ಎಲ್ಲ ಬಿಟ್ಟು ಜೇಬು ನೋಡಿದರು. "ಹೌದಲ್ರೀ, ಜೇಬು ಈ ಕಡೆ ಹೆಂಗ ಬಂತು?" ಅಂತ ನಕ್ಕರು. ಅಲ್ಲೇ ಸಹಿ. ಇನ್ನೊಂದು ಪ್ರತಿಗೆ ಆವಕ ಸಂಖ್ಯೆ, ತಾರೀಖು, ಸೀಲು ಹಾಕಿಸಿಕೊಂಡೆ.

ಗೆದ್ದೆ ಅಂದುಕೊಂಡೆ. ಹತ್ತು ಹನ್ನೆರಡು ದಿನಕ್ಕೆ ಹೊಸ ಕಾರ್ಡ್ ಬಂತು, ಅದರಲ್ಲಿ ಮತ್ತದೇ ಹಳೇ ಮುಖ! ಕಾರ್ಡ್ ಸಾಫ್ಟ್‌ವೇರ್ ಫೋಟೋವನ್ನು ಹುಡುಕೋದು ಫೈಲ್ ಹೆಸರಿನಿಂದ. ಪಟ್ಟಿಯಲ್ಲಿ `9B_27.jpg` ಅಂತ ಇದ್ದರೆ ಅದನ್ನೇ ತೆಗೆದುಕೊಳ್ಳುತ್ತದೆ. ನಾನು `new_photo_final.jpg` ಅಂತ ಕೊಟ್ಟಿದ್ದೆ. ಡಿಟಿಪಿಯವನಾಗಿ ಇಷ್ಟು ತಿಳೀಲಿಲ್ಲ ನೋಡಿ. ಹಳೇ ಫೈಲಿನ ಹೆಸರನ್ನೇ ಹೊಸದಕ್ಕೆ ಇಟ್ಟು, ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದೆ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಸೀಲು ಹಾಕಿದ ಪ್ರತಿ ಕೈಯಲ್ಲಿತ್ತು. 'ಹಳೆಯ ಫೋಟೋ ತೆಗೆದುಹಾಕಬೇಕಾಗಿ' ಅನ್ನೋ ಸಾಲು ತೋರಿಸಿದೆ. ಎರಡನೇ ಸಲದ ದುಡ್ಡು ಕೇಳಲಿಲ್ಲ.

ಖರ್ಚು ಒಟ್ಟು ಇನ್ನೂರರ ಆಸುಪಾಸು. ಕಾರ್ಡಿಗೆ ಎಂಬತ್ತೋ ತೊಂಬತ್ತೋ, ಉಳಿದದ್ದು ಪೆಟ್ರೋಲು. ಫೋಟೋ, ಝೆರಾಕ್ಸ್ ಮನೆಯದೇ. ಹೊರಗೆ ಮಾಡಿಸಿದರೆ ಇನ್ನೊಂದು ನೂರು ಜಾಸ್ತಿ ಆಗಬಹುದು. ಹತ್ತನೇ ತರಗತಿ ಪರೀಕ್ಷೆ ನೋಂದಣಿಗೂ ಶಾಲೆಯ ಕಂಪ್ಯೂಟರಿನ ಈ ಫೋಟೋವನ್ನೇ ಹಾಕ್ತೀವಿ ಅಂತ ಕ್ಲರ್ಕ್ ಹೇಳಿದ್ದರು. ಅದಕ್ಕೇ ಒಂಬತ್ತರಲ್ಲೇ ಇಷ್ಟು ಓಡಾಡಿದ್ದು.

ಹೋದ ವಾರ ಪಕ್ಕದ ಅಂಗಡಿಯವರು ತಮ್ಮ ಮಗಳ ಕಾರ್ಡ್ ಹಿಡಿದು ಬಂದಿದ್ದರು. ಆ ಹುಡುಗಿಗೆ ಜಡೆ ಒಂದೇ ಬಂದಿತ್ತು.