ಕಜ್ಜಿ: ಮನೆಮಂದಿಗೆಲ್ಲ ಒಂದೇ ರಾತ್ರಿ ಔಷಧಿ

ರಾತ್ರಿ ಮಲಗಿದ ಮೇಲೆ ತುರಿಕೆ ಜೋರಾಗುತ್ತದೆ, ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕಳ ಸುತ್ತ ಸಣ್ಣ ಗುಳ್ಳೆಗಳಿವೆ ಎಂದು ಯಾರಾದರೂ ಬಂದರೆ, ಮನೆಯಲ್ಲಿ ಎಷ್ಟು ಜನ, ಯಾರ ಪಕ್ಕ ಯಾರು ಮಲಗುತ್ತಾರೆ ಎಂದು ಮೊದಲು ಕೇಳುತ್ತೇನೆ. ಕಜ್ಜಿಯ ಹುಳ ಮೊದಲ ಸಲ ಹತ್ತಿದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟರೊಳಗೆ ಅದು ಪಕ್ಕದವರಿಗೆ ದಾಟಿರುತ್ತದೆ. ಹಾಗಾಗಿ "ನನಗೇನೂ ಇಲ್ಲ" ಎನ್ನುವವರಿಗೂ ಔಷಧಿ ಬೇಕೇ ಬೇಕು.

ಒಂದು ಮನೆ ತೆಗೆದುಕೊಳ್ಳಿ. ಅಜ್ಜಿ, ಗಂಡ ಹೆಂಡತಿ, ಇಬ್ಬರು ಮಕ್ಕಳು, ರಜೆಗೆ ಹಾಸ್ಟೆಲಿನಿಂದ ಬಂದ ದೊಡ್ಡ ಮಗ. ತುರಿಕೆ ಇರುವುದು ಅವನಿಗೂ ಒಬ್ಬ ತಮ್ಮನಿಗೂ. ಇಬ್ಬರಿಗಷ್ಟೇ ಹಚ್ಚಿದರೆ ಅಜ್ಜಿಯ ಮೈಯಿಂದ ಹುಳ ಮತ್ತೆ ಮೊಮ್ಮಗನಿಗೆ ಬರುತ್ತದೆ. ಆರು ಜನರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು.

ಔಷಧಿ 5% ಪರ್ಮೆಥ್ರಿನ್ ಕ್ರೀಮ್. ದೊಡ್ಡವರಿಗೆ ತಲಾ ಸುಮಾರು 30 ಗ್ರಾಂ ಬೇಕು, ಮಕ್ಕಳಿಗೆ ಕಡಿಮೆ. ಇಡೀ ಮನೆಗೆ ಒಂದೇ ಟ್ಯೂಬ್ ತಂದು ಗುಳ್ಳೆ ಇದ್ದಲ್ಲಿ ಮಾತ್ರ ಸವರುವುದರಿಂದಲೇ ಎಷ್ಟೋ ಮನೆಗಳಲ್ಲಿ ಕಜ್ಜಿ ಹೋಗುವುದಿಲ್ಲ. ಒಣಗಿದ, ತಣ್ಣಗಿರುವ ಮೈಗೆ ಕುತ್ತಿಗೆಯಿಂದ ಅಂಗಾಲಿನವರೆಗೂ ಹಚ್ಚಿ. ಬೆರಳ ಸಂದಿ, ಕಂಕುಳು, ಸ್ತನದ ಕೆಳಗೆ, ತೊಡೆಸಂದಿ, ಗುಪ್ತಾಂಗ, ಪೃಷ್ಠದ ಸಂದಿ ಬಿಡಬೇಡಿ. ಉಗುರು ಕತ್ತರಿಸಿ ಅದರಡಿಗೂ ತುಂಬಿ. ಎಳೆಮಕ್ಕಳಿಗೆ, ವಯಸ್ಸಾದವರಿಗೆ ಕಣ್ಣು ಬಾಯಿ ಬಿಟ್ಟು ಮುಖಕ್ಕೂ ತಲೆಗೂ ಬೇಕಾಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಹಚ್ಚಬಾರದು. 8ರಿಂದ 12 ಗಂಟೆ ಹಾಗೇ ಇರಲಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಪಾತ್ರೆ ತೊಳೆಯುವ ತಾಯಿಗೆ ತಪ್ಪಿಹೋಗುವುದು ಇದೇ.

ಬೆಳಗ್ಗೆ ಸ್ನಾನ ಮಾಡಿ ಒಗೆದ ಬಟ್ಟೆ ತೊಡಬೇಕು. ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಟವೆಲ್, ಚಾದರ, ದಿಂಬಿನ ಕವರ್‌ಗಳನ್ನು ಅಂದೇ ಕೈ ತಡೆಯಲಾರದಷ್ಟು ಬಿಸಿ ನೀರಿನಲ್ಲಿ ಹತ್ತು ನಿಮಿಷಕ್ಕೂ ಹೆಚ್ಚು ನೆನೆಸಿ, ಒಗೆದು, ಬಿಸಿಲಿಗೆ ಹಾಕಿ. ಒಗೆಯಲಾಗದ ಕಂಬಳಿ, ಕೌದಿ, ಸ್ವೆಟರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕು ದಿನ ಇಡಿ. ಮೈ ಬಿಟ್ಟ ಹುಳ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಮನೆಗೆಲ್ಲ ಕೀಟನಾಶಕ ಹೊಡೆಯುವ ಅಗತ್ಯವಿಲ್ಲ.

ಏಳು ದಿನ ಬಿಟ್ಟು ಎಲ್ಲರೂ ಇನ್ನೊಮ್ಮೆ ಹಚ್ಚಬೇಕು, ಮೊದಲ ಸಲ ಉಳಿದ ಮೊಟ್ಟೆಗಳಿಂದ ಬಂದ ಮರಿಗಳಿಗಾಗಿ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರುತ್ತದೆ. ಅದಕ್ಕೆ ಹೆದರಿ ದಿನಾ ಕ್ರೀಮ್ ಹಚ್ಚಿದರೆ ಚರ್ಮ ಉರಿದು ತುರಿಕೆ ಹೆಚ್ಚುತ್ತದೆ. ರಾತ್ರಿ ನಿದ್ದೆಗೆ ತುರಿಕೆ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮಿಶ್ರಿತ ಮುಲಾಮು ಬೇಡ. ತುರಿಕೆ ಅಡಗಿಸಿ ಕಜ್ಜಿಯ ಗುರುತನ್ನೇ ಮರೆಮಾಡುತ್ತದೆ, ಹುಳ ಮಾತ್ರ ಹೆಚ್ಚುತ್ತಲೇ ಇರುತ್ತದೆ.

ಎರಡನೇ ಸಲ ಹಚ್ಚಿದ ಮೇಲೂ ಹೊಸ ಗುಳ್ಳೆ ಏಳುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ, ಮತ್ತೆ ತೋರಿಸಿ. ಆ ಹುಡುಗನ ಹಾಸ್ಟೆಲ್ ಕೋಣೆಯವರಿಗೂ ಚಿಕಿತ್ಸೆ ಆಗಿದೆಯೇ ಎಂಬುದನ್ನೂ ಆಗ ವಿಚಾರಿಸಬೇಕು.