ಬೇಗ ದುಡ್ಡು ಕೊಟ್ಟವರಿಗೆ ಡಿಸ್ಕೌಂಟ್: ಕೊಡುವ ಮೊದಲು ಈ ಲೆಕ್ಕ ಹಾಕಿ

ತೀರ್ಥಹಳ್ಳಿ ಹತ್ತಿರ ಅಡಿಕೆ ಹಾಳೆ ತಟ್ಟೆ ಮಾಡುವ ಒಬ್ಬರು ಫೆಬ್ರವರಿಯಲ್ಲಿ ಉದ್ರಿ ಪುಸ್ತಕ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು. ಚಿಕ್ಕ ಪುಟ್ಟ ಘಟಕಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಅವರ ಪ್ರಶ್ನೆ ಒಂದೇ: "ಹತ್ತು ದಿನದೊಳಗೆ ದುಡ್ಡು ಹಾಕಿದವರಿಗೆ ನೂರಕ್ಕೆ ಎರಡು ರೂಪಾಯಿ ಬಿಟ್ಟುಬಿಡಲಾ?"

ಅವರ ಕಷ್ಟ ಮಲೆನಾಡಿನಲ್ಲಿ ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವಂಥದ್ದೇ. ಹಾಳೆಯನ್ನು ಬೇಸಿಗೆಯಲ್ಲೇ ಕೊಂಡು, ಒಣಗಿಸಿ, ಅಟ್ಟದಲ್ಲಿ ಜೋಡಿಸಬೇಕು. ಮಳೆ ಹಿಡಿದರೆ ಬೂಷ್ಟು ಬರುತ್ತದೆ. ಹಾಳೆ ತಂದುಕೊಡುವವರಿಗೆ ಕೈಯಲ್ಲೇ ದುಡ್ಡು ಎಣಿಸಬೇಕು. ತಟ್ಟೆ ಮಾತ್ರ ಉದ್ರಿ ಹೋಗುತ್ತದೆ. ಮದುವೆ ಸೀಸನ್ ಆದ್ದರಿಂದ ಮಾರಾಟ ಜಾಸ್ತಿ, ಕೈಯಲ್ಲಿ ಕಾಸಿಲ್ಲ.

ಲೆಕ್ಕ ಹೀಗೆ ಶುರು ಮಾಡಿದೆವು. ಅಂಕಿಗಳನ್ನು ಇಲ್ಲಿ ದುಂಡು ಮಾಡಿ ಕೊಟ್ಟಿದ್ದೇನೆ.

1. ನಿಮ್ಮ ದುಡ್ಡು ನಿಜವಾಗಿ ಎಷ್ಟು ದಿನಕ್ಕೆ ಬರುತ್ತಿದೆ?

ವರ್ಷದ ಉದ್ರಿ ಮಾರಾಟ 36 ಲಕ್ಷ ರೂಪಾಯಿ. ವರ್ಷಕ್ಕೆ 360 ದಿನ ಎಂದು ಹಿಡಿದರೆ ದಿನಕ್ಕೆ 10,000. ಪುಸ್ತಕದಲ್ಲಿದ್ದ ಒಟ್ಟು ಬಾಕಿ 6 ಲಕ್ಷ. ಅಂದರೆ 60 ದಿನದ ಮಾರಾಟ ಹೊರಗಿದೆ. ಬಿಲ್ಲಿನ ಕೆಳಗೆ ಅಚ್ಚಾಗಿರುವುದು 45 ದಿನ. ಆ 45 ಕಾಗದದ ಮೇಲೆ ಮಾತ್ರ. ಲೆಕ್ಕಕ್ಕೆ ಹಿಡಿಯಬೇಕಾದದ್ದು 60.

2. ಕಾಯುವುದಕ್ಕೆ ಏನು ಬೀಳುತ್ತಿದೆ?

ಬ್ಯಾಂಕಿನಲ್ಲಿ ಓಡಿ ಇದೆ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು, ದುಡ್ಡು ಬಂದಾಗ ತುಂಬುವ ಓವರ್‌ಡ್ರಾಫ್ಟ್ ಸಾಲ. ಬಡ್ಡಿ ವರ್ಷಕ್ಕೆ 12 ಪರ್ಸೆಂಟ್. ಒಂದು ಲಕ್ಷ ಒಂದು ತಿಂಗಳು ಹೊರಗಿದ್ದರೆ ಒಂದು ಸಾವಿರ ಬಡ್ಡಿ. ಲೆಕ್ಕಶಾಸ್ತ್ರದ ಪರೀಕ್ಷೆಯ ಪುಸ್ತಕಗಳಲ್ಲಿ ಬಾಕಿಯನ್ನು ಮಾರಿದ ಬೆಲೆಯ ಬದಲು ಮಾಲಿಗೆ ಬಿದ್ದ ಖರ್ಚಿನಲ್ಲಿ ಹಿಡಿದು ಲೆಕ್ಕ ಹಾಕುವುದುಂಟು. ಹೊಸ ಗಿರಾಕಿಗೆ ಉದ್ರಿ ಕೊಡಬೇಕೋ ಬೇಡವೋ ಎಂದು ನೋಡುವಾಗ ಅದು ಸರಿ. ಇಲ್ಲಿ ಈಗಾಗಲೇ ಬರಬೇಕಾದ ದುಡ್ಡೇ ಬೇಗ ಬರುತ್ತದೆ. ಬಂದಷ್ಟೂ ನೇರವಾಗಿ ಓಡಿಗೆ ಹೋಗುತ್ತದೆ. ಹಾಗಾಗಿ ಬಿಲ್ಲಿನ ಮೊತ್ತವನ್ನೇ ಹಿಡಿಯಿರಿ.

3. ಡಿಸ್ಕೌಂಟಿನ ಮೊದಲ ಲೆಕ್ಕ

ಮಾರಾಟದಲ್ಲಿ ಅರ್ಧದಷ್ಟಕ್ಕೆ ಜನ ಡಿಸ್ಕೌಂಟ್ ತೆಗೆದುಕೊಂಡು 10ನೇ ದಿನ ದುಡ್ಡು ಹಾಕುತ್ತಾರೆ, ಉಳಿದರ್ಧ ಹಿಂದಿನಂತೆ 60 ದಿನಕ್ಕೆ ಬರುತ್ತದೆ ಎಂದುಕೊಳ್ಳೋಣ. ಸರಾಸರಿ 35 ದಿನ. ಬಾಕಿ 6 ಲಕ್ಷದಿಂದ 3.5 ಲಕ್ಷಕ್ಕೆ ಇಳಿಯಿತು. ಕೈಗೆ ಬಂದ 2.5 ಲಕ್ಷಕ್ಕೆ ವರ್ಷಕ್ಕೆ 30,000 ಬಡ್ಡಿ ಉಳಿಯಿತು.

ಬಿಟ್ಟುಕೊಟ್ಟದ್ದು ಎಷ್ಟು? 18 ಲಕ್ಷಕ್ಕೆ 2 ಪರ್ಸೆಂಟ್, 36,000. ಅಲ್ಲಿಗೆ 6,000 ನಷ್ಟ.

ಹಾಗಾದರೆ ಎಷ್ಟು ಕೊಡಬಹುದು? ದುಡ್ಡು 50 ದಿನ ಮುಂಚೆ ಬರುತ್ತದೆ. 12 ಪರ್ಸೆಂಟಿನಲ್ಲಿ 50 ದಿನದ ಬಡ್ಡಿ ನೂರಕ್ಕೆ 1.67 ರೂಪಾಯಿ. ಅದಕ್ಕಿಂತ ಕಡಿಮೆ ಇದ್ದರೆ ಲಾಭ. 1.5 ಪರ್ಸೆಂಟ್ ಕೊಟ್ಟರೆ ಬಿಡುವುದು 27,000, ಉಳಿಯುವುದು 30,000. "ಸರಿ, ಒಂದೂವರೆ ಮಾಡೋಣ" ಎಂದು ಅವರು ಪೆನ್ನು ಮುಚ್ಚಿದರು. ನಾನು ಬೇಡ ಎಂದೆ.

4. ಸರಾಸರಿಯನ್ನು ಒಡೆದು ನೋಡಿ

ಈ 60 ದಿನ ಯಾರದ್ದು? ಪುಸ್ತಕ ತಿರುವಿ ಪ್ರತಿ ಅಂಗಡಿಯ ಬಿಲ್ ತಾರೀಕು, ದುಡ್ಡು ಬಂದ ತಾರೀಕು ಎರಡನ್ನೂ ಅಕ್ಕಪಕ್ಕ ಬರೆದೆವು. ಒಂದು ಮಧ್ಯಾಹ್ನದ ಕೆಲಸ. 60 ದಿನಕ್ಕೆ ಕೊಡುವವರು ಒಬ್ಬರೂ ಸಿಗಲಿಲ್ಲ! ಅರ್ಧ ಮಾರಾಟದ ದುಡ್ಡು 30 ದಿನಕ್ಕೆ ಬರುತ್ತಿತ್ತು, ಇನ್ನರ್ಧದ್ದು 90 ದಿನಕ್ಕೆ. "ಅಕ್ಕಾ, ಸೋಮವಾರ ಹಾಕ್ತೀನಿ" ಎಂದು ಮೂರು ಸೋಮವಾರ ದಾಟಿಸುವವರು ಈ ಎರಡನೆಯ ಗುಂಪಿನವರು.

ಈಗ ಗಿರಾಕಿಯ ಜಾಗದಲ್ಲಿ ಕೂತು ಯೋಚಿಸಿ. ಅವರಿಗೂ 12 ಪರ್ಸೆಂಟಿನ ಓಡಿಯೇ ಇದೆ ಎನ್ನೋಣ. 10,000 ರೂಪಾಯಿ ಬಿಲ್ಲಿಗೆ ಒಂದೂವರೆ ಪರ್ಸೆಂಟಿನಲ್ಲಿ 150 ರೂಪಾಯಿ ಉಳಿಯುತ್ತದೆ. 30 ದಿನಕ್ಕೆ ಕೊಡುವವರು 20 ದಿನ ಮುಂಚೆ ಕೊಟ್ಟರೆ ಸಾಕು. 9,850ಕ್ಕೆ 20 ದಿನದ ಬಡ್ಡಿ ಸುಮಾರು 66 ರೂಪಾಯಿ. ಅವರಿಗೆ ಒಳ್ಳೇ ವ್ಯಾಪಾರ. 90 ದಿನಕ್ಕೆ ಕೊಡುವವರು 80 ದಿನ ಮುಂಚೆ ಕೊಡಬೇಕು. ಬಡ್ಡಿಯೇ ಸುಮಾರು 263. ಅವರು ಡಿಸ್ಕೌಂಟಿನ ಕಡೆ ತಿರುಗಿಯೂ ನೋಡುವುದಿಲ್ಲ.

ಅಂದರೆ ಯಾರು ತಡ ಮಾಡುತ್ತಾರೋ ಅವರು ಹಾಗೇ ಉಳಿಯುತ್ತಾರೆ, ನೆಟ್ಟಗೆ ಕೊಡುತ್ತಿದ್ದವರು ಡಿಸ್ಕೌಂಟ್ ಹಿಡಿಯುತ್ತಾರೆ. ಸರಾಸರಿ 60ರಿಂದ 50 ದಿನಕ್ಕೆ ಮಾತ್ರ ಇಳಿಯುತ್ತದೆ. ಕೈಗೆ ಬರುವುದು 1 ಲಕ್ಷ, ಬಡ್ಡಿ ಉಳಿತಾಯ 12,000. ಬಿಟ್ಟುಕೊಡುವುದು ಅದೇ 27,000. ಮೂರು ಸಾವಿರ ಲಾಭ ಕಂಡಿದ್ದ ಜಾಗದಲ್ಲಿ 15,000 ನಷ್ಟ. ಇದನ್ನು ನೋಡಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ.

5. ಮೊದಲು ತಡ ಮಾಡುವವರನ್ನು ಗಡುವಿಗೆ ತನ್ನಿ

90 ದಿನದವರನ್ನು ಬಿಲ್ಲಿನ 45 ದಿನಕ್ಕೆ ತಂದರೂ ಸಾಕು, 2.25 ಲಕ್ಷ ಕೈಗೆ ಬರುತ್ತದೆ. ವರ್ಷಕ್ಕೆ 27,000 ಬಡ್ಡಿ ಉಳಿಯುತ್ತದೆ, ಒಂದು ಪೈಸೆ ಬಿಟ್ಟುಕೊಡದೆ.

ಬಾಯಿಮಾತಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ ಎನ್ನುತ್ತೀರಿ. ನಿಜ. ಆದರೆ ತಟ್ಟೆ ತಯಾರಿಸುವ ಘಟಕಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂಬ ಸರ್ಕಾರಿ ನೋಂದಣಿ, ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಬೆನ್ನಿಗಿರುತ್ತದೆ. ಬರವಣಿಗೆಯಲ್ಲಿ ಒಪ್ಪಂದ ಇದ್ದರೂ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ: ಗಡುವು ಮೀರಿಸಿದ ಬಾಕಿಯನ್ನು ಗಿರಾಕಿ ನಿಜವಾಗಿ ಕೊಟ್ಟ ವರ್ಷದಲ್ಲೇ ಖರ್ಚು ತೋರಿಸಬೇಕು. ಮಾರ್ಚ್ ಮೊದಲ ವಾರ ಇದನ್ನು ನೆನಪಿಸಿ ಒಂದು ಪತ್ರ ಹಾಕಿ, ಉದ್ಯಮ್ ನಂಬರನ್ನು ಬಿಲ್ಲಿನ ಮೇಲೆಯೇ ಅಚ್ಚು ಹಾಕಿಸಿ. ಅಂಗಡಿಯವರ ಆಡಿಟರೇ ಅವರನ್ನು ಎಚ್ಚರಿಸುತ್ತಾರೆ.

ಆದರೆ ಸಿಟ್ಟಿನಲ್ಲಿ ಗಿರಾಕಿಯನ್ನೇ ಬಿಡಬೇಡಿ. ವರ್ಷಕ್ಕೆ 3 ಲಕ್ಷದ ಮಾಲು ಒಯ್ದು 90 ದಿನಕ್ಕೆ ಕೊಡುವ ಅಂಗಡಿಯಿಂದ 75,000 ಹೊರಗಿರುತ್ತದೆ, ಬಡ್ಡಿ 9,000. ಹಾಳೆ, ಕೂಲಿ, ಕರೆಂಟು ಕಳೆದು ನೂರಕ್ಕೆ 20 ಉಳಿಯುವುದಾದರೆ ಅದೇ ಅಂಗಡಿ 60,000 ತಂದುಕೊಡುತ್ತದೆ. ಬಾಕಿ 90ರಿಂದ 120, 150 ಎಂದು ಬೆಳೆಯುತ್ತಿದ್ದರೆ ಮಾತ್ರ ಮಾಲು ನಿಲ್ಲಿಸಿ. ಹಳೆ ಬಿಲ್ ಹಾಗೇ ಇರುವಾಗ ಹೊಸ ಬಿಲ್ಲಿಗೆ ಚೂರು ಚೂರು ದುಡ್ಡು ಬರುತ್ತಿದ್ದರೆ ಅದೇ ಮೊದಲ ಸೂಚನೆ.

6. ಡಿಸ್ಕೌಂಟ್ ಯಾವಾಗ ಸರಿ?

ಓಡಿ ಮಿತಿ ತುಂಬಿಹೋದ ತಿಂಗಳುಗಳಲ್ಲಿ. ಆಗ ನಿಮ್ಮ ಬಡ್ಡಿ 12 ಅಲ್ಲ. ಹಾಳೆ ಕೊಳ್ಳಲು ಅವರು ತಿಂಗಳಿಗೆ ನೂರಕ್ಕೆ ಎರಡರಂತೆ ಕೈಸಾಲ ಮಾಡುತ್ತಿದ್ದರು, ಅಂದರೆ ವರ್ಷಕ್ಕೆ 24. ಆ ದರದಲ್ಲಿ 20 ದಿನಕ್ಕೆ ನೂರಕ್ಕೆ 1.33 ಬೀಳುತ್ತದೆ. ಹಾಗಾಗಿ 30 ದಿನದವರಿಗೆ 1 ಪರ್ಸೆಂಟ್ ಕೊಟ್ಟರೂ ಲಾಭವೇ. ಅವರಿಗೂ 10,000ದ ಬಿಲ್ಲಿಗೆ 100 ರೂಪಾಯಿ ಉಳಿಯುತ್ತದೆ, ಸುಮಾರು 66 ಹೋಗುತ್ತದೆ. ಖುಷಿಯಿಂದ ಕೊಡುತ್ತಾರೆ.

ಕೊನೆಗೆ ಅವರು ಬಿಲ್ಲಿಗೆ ಒಂದು ರಬ್ಬರ್ ಸ್ಟಾಂಪು ಮಾಡಿಸಿದರು: "ಮಾರ್ಚ್ 1ರಿಂದ ಮೇ 31ರವರೆಗಿನ ಬಿಲ್ಲುಗಳಿಗೆ, 10 ದಿನದೊಳಗೆ ಖಾತೆಗೆ ಜಮಾ ಆದರೆ 1% ಕಡಿತ. ಹಳೆ ಬಾಕಿ ಇದ್ದರೆ ಅನ್ವಯಿಸದು." 'ಜಮಾ ಆದರೆ' ಎಂದು ಬರೆಸಿದ್ದು ಬೇಕೆಂದೇ. ಚೆಕ್ಕಿನ ತಾರೀಕು ತೋರಿಸಿ 15ನೇ ದಿನ ಡಿಸ್ಕೌಂಟ್ ಕೇಳುವವರು ಇದ್ದೇ ಇರುತ್ತಾರೆ. ಜೂನ್ ಒಂದಕ್ಕೆ ಆ ಸ್ಟಾಂಪು ಡ್ರಾಯರಿನೊಳಗೆ ಹೋಗಬೇಕು ಎಂದು ಅವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.