ಫಾಲೋ-ಅಪ್ ಮೇಲ್ ಲೆಕ್ಕ ನಾನು ಸರಿಮಾಡಿಕೊಂಡಿದ್ದು ಹೀಗೆ

40 ಕಡೆ ಕೆಲಸಕ್ಕೆ ಅರ್ಜಿ ಹಾಕಿ, ಪ್ರತಿಯೊಂದಕ್ಕೂ ಮೂರು ದಿನಕ್ಕೊಮ್ಮೆ ಮೇಲ್ ಕಳಿಸುತ್ತಿದ್ದೆ. ಒಂದು ಕಂಪನಿಯ ಎಚ್‌ಆರ್ ಫೋನ್ ಮಾಡಿ, "ಒಂದೇ ವಾರದಲ್ಲಿ ನಿಮ್ಮಿಂದ ಐದು ಮೇಲ್ ಬಂದಿದೆ, ದಯವಿಟ್ಟು ನಿಲ್ಲಿಸಿ" ಅಂದರು. ನೋಡಿದರೆ ಆ ಕಂಪನಿಯಲ್ಲಿ ನಾನು ಅರ್ಜಿ ಹಾಕಿದ್ದ ಮೂರು ಹುದ್ದೆಗಳನ್ನೂ ನೋಡಿಕೊಳ್ಳುವವರು ಅವರೊಬ್ಬರೇ. ನಾನು ಅರ್ಜಿಗಳ ಲೆಕ್ಕ ಇಟ್ಟಿದ್ದೆ, ಇಡಬೇಕಾಗಿದ್ದು ಮನುಷ್ಯರ ಲೆಕ್ಕ ಅಲ್ವಾ?

ಈಗ ನನ್ನ ಶೀಟ್‌ನಲ್ಲಿ ಒಬ್ಬರಿಗೆ ಒಂದೇ ಸಾಲು, ಅದರ ಪಕ್ಕ ಮುಂದಿನ ತಾರೀಖು. ಅರ್ಜಿ ಹಾಕಿ 7 ಕೆಲಸದ ದಿನ ಆದಮೇಲೆ ಮೊದಲನೆಯದು, ಮತ್ತೆ 10 ದಿನ ಬಿಟ್ಟು ಎರಡನೆಯದು, ಅದೂ ಹಳೇ ಮೇಲ್‌ಗೇ ರಿಪ್ಲೈ ಆಗಿ, ಎಲ್ಲ ಹುದ್ದೆಗಳ ಹೆಸರೂ ಒಂದರಲ್ಲೇ ಸೇರಿಸಿ. ಆಮೇಲೆ ಆ ಸಾಲು ಮುಚ್ಚುತ್ತೇನೆ. ಇಂಟರ್‌ವ್ಯೂ ಆಗಿದ್ದರೆ ಮಾತ್ರ ಬೇರೆ: ಅವರು ಹೇಳಿದ ದಿನ ದಾಟಿ ಇನ್ನೆರಡು ದಿನ ಕಾದು ಕೇಳುತ್ತೇನೆ.